ಹಡಗಿನಲ್ಲಿದ್ದ ಸರಕು ಯಾರದು: ಒಂದು ವರ್ಷಾಂತ್ಯದ ಪ್ರಕರಣ

ಇದು ನಾನು ಲೆಕ್ಕಪರಿಶೋಧಕನಾಗಿ ಕೆಲಸ ಮಾಡಿದ ಒಂದು ಕಂಪನಿಯ ಕಥೆ. ಕಂಪನಿ, ದೇಶ, ಬ್ಯಾಂಕು, ಜನ ಯಾರೂ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನೂ ದುಂಡಗೆ ಮಾಡಿ, ಯಾವ ದೇಶದ ಹಣವೆಂದು ಹೇಳದೆ ಲಕ್ಷಗಳಲ್ಲಿ ಕೊಟ್ಟಿದ್ದೇನೆ. ಆದರೆ ಯಾವ ಕಾಗದ ಯಾವ ದಿನ ಬಂತು, ಯಾರು ಏನು ವಾದಿಸಿದರು, ನಾನು ಎಲ್ಲಿ ಎಡವಿದೆ ಎಂಬುದನ್ನು ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಕಂಪನಿ ಕೈಗಾರಿಕಾ ಪಂಪುಗಳನ್ನು ತಯಾರಿಸುತ್ತಿತ್ತು. ಬೇರಿಂಗು, ಸೀಲು, ಎರಕದ ಕವಚಗಳಂಥ ಬಿಡಿಭಾಗಗಳಲ್ಲಿ ಅರ್ಧದಷ್ಟು ಹೊರದೇಶಗಳಿಂದ ಬರುತ್ತಿದ್ದವು. ಹೆಚ್ಚಿನವು ಹಡಗಿನಲ್ಲಿ, ಕೆಲವು ಗಡಿ ದಾಟಿ ಲಾರಿಯಲ್ಲಿ. ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಲೆಕ್ಕಪತ್ರಗಳನ್ನು ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡಗಳಂತೆ, ಅಂದರೆ ಐಎಫ್‌ಆರ್‌ಎಸ್ ಪ್ರಕಾರ, ಸಿದ್ಧಪಡಿಸುತ್ತಿದ್ದರು.

ಖರೀದಿಯನ್ನು ಪುಸ್ತಕಕ್ಕೆ ಏರಿಸುವ ಪದ್ಧತಿ ಸರಳವಾಗಿತ್ತು. ಸರಕು ಉಗ್ರಾಣದ ಬಾಗಿಲಿಗೆ ಬಂದು, ಎಣಿಕೆಯಾಗಿ, ಸ್ವೀಕೃತಿ ಚೀಟಿ ಬರೆದ ದಿನ ಗಣಕದ ವ್ಯವಸ್ಥೆ ದಾಸ್ತಾನನ್ನೂ ಪೂರೈಕೆದಾರನಿಗೆ ಕೊಡಬೇಕಾದ ಬಾಕಿಯನ್ನೂ ಒಟ್ಟಿಗೆ ದಾಖಲಿಸುತ್ತಿತ್ತು. ವರ್ಷದ ಮುನ್ನೂರ ಅರವತ್ತು ದಿನ ಈ ಪದ್ಧತಿಯಿಂದ ಯಾರಿಗೂ ತೊಂದರೆಯಿಲ್ಲ. ಇಂದಲ್ಲದಿದ್ದರೆ ನಾಳೆ ಸರಕು ಬರುತ್ತದೆ, ಲೆಕ್ಕಕ್ಕೂ ಸೇರುತ್ತದೆ. ತೊಂದರೆಯೆಲ್ಲ ಉಳಿದ ಕೆಲವು ದಿನಗಳಲ್ಲಿ.

ಇನ್ನೊಂದು ವಿವರವನ್ನು ಇಲ್ಲೇ ಹೇಳಬೇಕು. ಕಂಪನಿಗೆ 300 ಲಕ್ಷದ ದೀರ್ಘಾವಧಿ ಬ್ಯಾಂಕ್ ಸಾಲವಿತ್ತು. ವರ್ಷಾಂತ್ಯಕ್ಕೆ, ವರ್ಷದೊಳಗೆ ಹಣವಾಗುವ ಚಾಲ್ತಿ ಆಸ್ತಿಯು ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆಯ 1.25 ಪಟ್ಟಿಗಿಂತ ಕಡಿಮೆಯಿರಬಾರದು ಎಂಬುದು ಸಾಲದ ಷರತ್ತುಗಳಲ್ಲಿ ಒಂದು. ನಾವು ಕೆಲಸ ಆರಂಭಿಸಿದಾಗ ಕಂಪನಿ ಕೊಟ್ಟ ಲೆಕ್ಕದಲ್ಲಿ ಚಾಲ್ತಿ ಆಸ್ತಿ 1,150 ಲಕ್ಷ, ಚಾಲ್ತಿ ಹೊಣೆ 900 ಲಕ್ಷ, ಅನುಪಾತ 1.278 ಇತ್ತು. ಷರತ್ತು ಪಾಲನೆಯಾಗಿದೆ ಎಂದು ಪಕ್ಕದಲ್ಲಿ ಟಿಪ್ಪಣಿಯೂ ಇತ್ತು.

ಎಲ್ಲವೂ ಸರಿಯಿದ್ದ ಪರೀಕ್ಷೆ

ಜನವರಿಯ ಕೊನೆಯ ವಾರ ನನ್ನ ತಂಡದ ಕಿರಿಯ ಸಹೋದ್ಯೋಗಿ, ಖರೀದಿಗಳು ಸರಿಯಾದ ವರ್ಷಕ್ಕೇ ಸೇರಿವೆಯೇ ಎಂದು ನೋಡುವ ಕಟ್‌ಆಫ್ ಪರೀಕ್ಷೆ ಮಾಡಿ ಮುಗಿಸಿದ್ದರು. ಡಿಸೆಂಬರ್ 31ಕ್ಕೆ ಮುಂಚಿನ ಹತ್ತು ಮತ್ತು ನಂತರದ ಹತ್ತು ಸ್ವೀಕೃತಿ ಚೀಟಿಗಳನ್ನು ತೆಗೆದುಕೊಂಡು ಒಂದೊಂದನ್ನೂ ಖಾತೆಯ ದಾಖಲೆಗೆ ಹೋಲಿಸಿದ್ದರು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ಡಿಸೆಂಬರಿನ ಚೀಟಿಗಳೆಲ್ಲ ಡಿಸೆಂಬರಿನಲ್ಲಿದ್ದವು, ಜನವರಿಯವು ಜನವರಿಯಲ್ಲಿ. ವರ್ಷಾಂತ್ಯದ ನಂತರದ ದೊಡ್ಡ ಪಾವತಿಗಳನ್ನೂ ನೋಡಿದ್ದರು. ಜನವರಿ 15ರಂದು ಒಬ್ಬ ಹೊರದೇಶದ ಪೂರೈಕೆದಾರನಿಗೆ 130 ಲಕ್ಷಕ್ಕಿಂತ ತುಸು ಹೆಚ್ಚು ಪಾವತಿಯಾಗಿತ್ತು. ಆ ಸಾಲಿನ ಪಕ್ಕದಲ್ಲಿ ಅವರ ಕೈಬರಹದಲ್ಲಿ "ಸರಕು ಸ್ವೀಕೃತಿ ಜನವರಿ 19, ಆದ್ದರಿಂದ ಈ ವರ್ಷದ ಖರೀದಿಯಲ್ಲ" ಎಂದಿತ್ತು, ಮುಂದೆ ಒಂದು ಟಿಕ್ ಗುರುತು. ಆ ಹಾಳೆಗೆ ನಾನೂ ಸಹಿ ಹಾಕಿದ್ದೆ.

ಈಗ ಅದನ್ನು ನೆನೆದರೆ ಮುಜುಗರವಾಗುತ್ತದೆ. ಪರೀಕ್ಷೆಯ ಕಾಗದಗಳಲ್ಲಿ ಲೋಪವಿರಲಿಲ್ಲ, ಪ್ರಶ್ನೆಯೇ ತಪ್ಪಾಗಿತ್ತು. ಚೀಟಿಯ ದಿನಾಂಕಕ್ಕೂ ಖಾತೆಯ ದಿನಾಂಕಕ್ಕೂ ತಾಳೆಯಾಗುತ್ತದೆಯೇ ಎಂದು ನಾವು ಕೇಳಿದ್ದೆವು. ಚೀಟಿ ಬರೆದ ತಕ್ಷಣ ವ್ಯವಸ್ಥೆಯೇ ಖಾತೆಗೆ ದಾಖಲಿಸುವಾಗ ತಾಳೆಯಾಗದೆ ಇನ್ನೇನಾಗುತ್ತದೆ? ಆ ಸರಕು ಎಂದಿನಿಂದ ಕಂಪನಿಯದಾಯಿತು ಎಂಬುದನ್ನು ಚೀಟಿ ಹೇಳುವುದಿಲ್ಲ, ಬಾಗಿಲಿಗೆ ಎಂದು ಬಂತು ಎಂಬುದನ್ನಷ್ಟೇ ಹೇಳುತ್ತದೆ.

ವಿಮೆಯ ಹಾಳೆ

ತಪ್ಪು ಬೆಳಕಿಗೆ ಬಂದದ್ದು ಸಂಬಂಧವೇ ಇಲ್ಲದ ಕಡತದಿಂದ. ಮುಂಗಡ ಪಾವತಿಸಿದ ವಿಮಾ ವೆಚ್ಚವನ್ನು ನಾನು ಪರಿಶೀಲಿಸುತ್ತಿದ್ದೆ. ಕಂಪನಿ ಸಮುದ್ರ ಸಾಗಣೆಗೆ ತೆರೆದ ವಿಮಾ ಪಾಲಿಸಿ ಇಟ್ಟುಕೊಂಡಿತ್ತು. ಪ್ರತಿ ಸರಕಿಗೂ ಬೇರೆ ಪಾಲಿಸಿ ತೆಗೆಯುವ ಬದಲು, ಹೊರಟ ಪ್ರತಿ ಸರಕನ್ನೂ ಕಂಪನಿ ವಿಮೆಗಾರರಿಗೆ ಘೋಷಿಸುತ್ತದೆ, ಅವರು ತಿಂಗಳಿಗೊಮ್ಮೆ ಪ್ರೀಮಿಯಂ ಬಿಲ್ ಕಳಿಸುತ್ತಾರೆ. ಡಿಸೆಂಬರಿನ ಬಿಲ್ಲಿಗೆ ಪಿನ್ ಹೊಡೆದಿದ್ದ ಘೋಷಣೆಯ ಹಾಳೆಯಲ್ಲಿ ಐದು ಸಾಲುಗಳಿದ್ದವು. ನಾಲ್ಕು ಸಾಲಿನ ಸರಕುಗಳು ಡಿಸೆಂಬರಿನಲ್ಲೇ ಉಗ್ರಾಣ ಸೇರಿದ್ದವು. ಐದನೆಯ ಸಾಲಿನಲ್ಲಿ ಹಡಗಿನ ಹೆಸರು, ಹೊರಟ ದಿನ ಡಿಸೆಂಬರ್ 28, ವಿಮಾ ಮೌಲ್ಯ 147 ಲಕ್ಷ ಎಂದಿತ್ತು. ಸರಕಿನ ಬೆಲೆಗೆ ಹಡಗು ಬಾಡಿಗೆ, ವಿಮೆಯನ್ನು ಸೇರಿಸಿ, ಅದರ ಮೇಲೆ ಶೇಕಡಾ 10 ಏರಿಸಿ ವಿಮೆ ಮಾಡಿಸುವುದು ಈ ವ್ಯಾಪಾರದ ವಾಡಿಕೆ. ಹಿಂದಕ್ಕೆ ಲೆಕ್ಕ ಹಾಕಿದರೆ ಸರಕಿನ ಬೆಲೆ ಹತ್ತಿರಹತ್ತಿರ 130 ಲಕ್ಷ. ಜನವರಿ 15ರ ಪಾವತಿಯ ಅಂಕಿಯೇ ಅದು.

ಅಂದರೆ ಡಿಸೆಂಬರ್ 28ರಂದು ಕಂಪನಿಯ ಸಾಗಣೆ ವಿಭಾಗ ವಿಮೆಗಾರರಿಗೆ "ಈ ಸರಕು ಮುಳುಗಿದರೆ ನಷ್ಟ ನಮ್ಮದು" ಎಂದು ಬರೆದುಕೊಟ್ಟಿತ್ತು. ಮೂರು ದಿನದ ನಂತರ ಅದೇ ಕಂಪನಿಯ ಲೆಕ್ಕ ವಿಭಾಗ ಆಸ್ತಿ-ಹೊಣೆ ಪಟ್ಟಿಯಲ್ಲಿ ಆ ಸರಕು ತನ್ನದಲ್ಲ ಎಂದು ಹೇಳಿತ್ತು. ಎರಡೂ ವಿಭಾಗಗಳ ನಡುವೆ ಇದ್ದದ್ದು ಒಂದೇ ಗೋಡೆ.

ಸಾಗಣೆ ವಿಭಾಗದ ಗುಮಾಸ್ತೆಯನ್ನು ಕೇಳಿದೆ. ಅವರು ಒಂದು ಕ್ಷಣವೂ ತಡೆಯದೆ, "ಎಫ್‌ಒಬಿ ಸರ್, ಹಡಗಿಗೆ ಏರಿದ ಮೇಲೆ ನಮ್ಮದೇ. ಅದಕ್ಕೇ ಅಂದೇ ಘೋಷಣೆ ಕಳಿಸಿದೆ" ಎಂದರು. ಎಫ್‌ಒಬಿ ಎಂದರೆ, ಹೊರಡುವ ಬಂದರಿನಲ್ಲಿ ಸರಕನ್ನು ಹಡಗಿಗೆ ಏರಿಸುವವರೆಗೆ ಮಾತ್ರ ವೆಚ್ಚವೂ ಅಪಾಯವೂ ಮಾರಾಟಗಾರನವು ಎನ್ನುವ ಷರತ್ತು. ಲೆಕ್ಕ ವಿಭಾಗಕ್ಕೆ ತಿಳಿಸಿದ್ದಿರಾ ಎಂದದ್ದಕ್ಕೆ, "ಅವರು ಯಾವತ್ತೂ ಕೇಳಿಲ್ಲವಲ್ಲ" ಎಂದರು.

ಅಷ್ಟಾದ ಮೇಲೆ ನಾವು ತುದಿ ಬದಲಿಸಿದೆವು. ಸ್ವೀಕೃತಿ ಚೀಟಿಯ ಬದಲು, ಡಿಸೆಂಬರ್ 31ಕ್ಕೆ ಇನ್ನೂ ಪೂರೈಕೆಯಾಗದೆ ತೆರೆದಿದ್ದ ಖರೀದಿ ಆದೇಶಗಳ ಪಟ್ಟಿ ತೆಗೆದುಕೊಂಡು ಒಂದೊಂದಕ್ಕೂ ಪೂರೈಕೆಯ ಷರತ್ತು ಮತ್ತು ಸಾಗಣೆಯ ಕಾಗದವನ್ನು ಕೇಳಿದೆವು. ಆ ದಿನ ದಾರಿಯಲ್ಲಿದ್ದ ಸರಕುಗಳು ಮೂರು ಸಿಕ್ಕವು. ಒಂದು, 130 ಲಕ್ಷದ ಈ ಎಫ್‌ಒಬಿ ಸರಕು, ಪುಸ್ತಕದಲ್ಲಿರಲಿಲ್ಲ. ಎರಡು, ಹಡಗು ಬಾಡಿಗೆ, ವಿಮೆ ಬೆಲೆಯಲ್ಲೇ ಸೇರಿರುವ ಸಿಐಎಫ್ ಷರತ್ತಿನ 60 ಲಕ್ಷದ ಎರಕದ ಕವಚಗಳು, ಅವೂ ಪುಸ್ತಕದಲ್ಲಿರಲಿಲ್ಲ. ಮೂರು, ಲಾರಿಯಲ್ಲಿ ಬರುತ್ತಿದ್ದ 20 ಲಕ್ಷದ ಸೀಲುಗಳು, ಷರತ್ತು ಡಿಎಪಿ, ಅಂದರೆ ಹೆಸರಿಸಿದ ಸ್ಥಳದವರೆಗೆ ಮಾರಾಟಗಾರನೇ ತನ್ನ ಅಪಾಯದಲ್ಲಿ ತಲುಪಿಸಬೇಕು. ವಿಚಿತ್ರವೆಂದರೆ ಇದೊಂದು ಮಾತ್ರ "ಮಾರ್ಗಮಧ್ಯದ ಸರಕು" ಎಂಬ ಖಾತೆಯಲ್ಲಿ ಡಿಸೆಂಬರ್ 29ಕ್ಕೇ ದಾಖಲಾಗಿತ್ತು.

ಇದು ಮಾತ್ರ ಏಕೆ? ಅದರ ಇನ್‌ವಾಯ್ಸ್ ಡಿಸೆಂಬರ್ 29ರಂದು ನೇರವಾಗಿ ಲೆಕ್ಕ ವಿಭಾಗದ ಇಮೇಲಿಗೆ ಬಂದಿತ್ತು. ಕೈಗೆ ಇನ್‌ವಾಯ್ಸ್ ಬಂದಿದೆ, ಸರಕು ಬಂದಿಲ್ಲ, ವರ್ಷ ಮುಗಿಯುತ್ತಿದೆ ಎಂದು ಗಮನಿಸಿದ ಶ್ರದ್ಧಾವಂತ ಸಿಬ್ಬಂದಿಯೊಬ್ಬರು ದಾಖಲಿಸಿದ್ದರು. 130 ಲಕ್ಷದ ಸರಕಿನ ಕಾಗದಗಳು ಬ್ಯಾಂಕಿನ ಮೂಲಕ ಬರುತ್ತಿದ್ದುದರಿಂದ ಜನವರಿ 12ಕ್ಕೆ ತಲುಪಿದವು. ಹೀಗೆ ಯಾವ ಸರಕು ಪುಸ್ತಕಕ್ಕೆ ಏರಿತು ಎಂಬುದನ್ನು ಒಡೆತನ ನಿರ್ಧರಿಸಿರಲಿಲ್ಲ, ಟಪಾಲು ನಿರ್ಧರಿಸಿತ್ತು. ಆ ಶ್ರದ್ಧಾವಂತರು ದಾಖಲಿಸಿದ ಒಂದೇ ಸರಕು ದಾಖಲಿಸಬಾರದಿದ್ದ ಸರಕೂ ಆಗಿತ್ತು.

ಲಾಭ ಬದಲಾಗದಿದ್ದರೂ

ಮೊದಲ ಸಭೆಯಲ್ಲಿ ಹಣಕಾಸು ಮುಖ್ಯಸ್ಥರು ಗಾಬರಿಯಾಗಲಿಲ್ಲ. ದಾಸ್ತಾನು 130 ಏರುತ್ತದೆ, ಬಾಕಿಯೂ 130 ಏರುತ್ತದೆ, ಲಾಭಕ್ಕೆ ಒಂದು ಪೈಸೆಯ ವ್ಯತ್ಯಾಸವಿಲ್ಲ, ಬಿಟ್ಟುಬಿಡೋಣ ಎಂಬುದು ಅವರ ಮಾತು. ಬಹಳ ಕಡೆ ಈ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ಸರಕೂ ಬಾಕಿಯೂ ಎರಡೂ ಬಿಟ್ಟುಹೋಗಿದ್ದರೆ ಲಾಭದ ಮಟ್ಟಿಗೆ ಅವರ ಮಾತು ಸರಿಯೇ. ಲಾಭ ಕೆಡುವುದು ಒಂದನ್ನು ದಾಖಲಿಸಿ ಇನ್ನೊಂದನ್ನು ಬಿಟ್ಟಾಗ. ಇನ್‌ವಾಯ್ಸನ್ನು ಖರೀದಿಗೆ ಹಾಕಿ, ಸರಕನ್ನು ಎಣಿಕೆಯಲ್ಲಿ ಸೇರಿಸದಿದ್ದರೆ ಅಷ್ಟೂ ಮೊತ್ತ ಲಾಭದಿಂದ ಕಳೆದುಹೋಗುತ್ತದೆ.

ಆದರೆ ಅನುಪಾತ ಹಾಗಲ್ಲ. ಒಂದಕ್ಕಿಂತ ಹೆಚ್ಚಿರುವ ಅನುಪಾತದ ಮೇಲೆ ಕೆಳಗೆ ಎರಡಕ್ಕೂ ಒಂದೇ ಮೊತ್ತ ಸೇರಿಸಿದರೆ ಅದು ಒಂದರ ಕಡೆಗೆ ಇಳಿಯುತ್ತದೆ. ನಾನು ಅಂದು ಎಫ್‌ಒಬಿ ಮತ್ತು ಸಿಐಎಫ್ ಸರಕುಗಳೆರಡನ್ನೂ ಸೇರಿಸಿ ಬರೆದು ತೋರಿಸಿದೆ: ಆಸ್ತಿ 1,340, ಹೊಣೆ 1,090, ಅನುಪಾತ 1.229. ಮುಖ್ಯಸ್ಥರು ಆ ಅಂಕಿಯನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಹತ್ತು ದಿನ ಅವರು ಒಂದೊಂದು ಸರಕಿಗೂ ಹೋರಾಡಿದರು. ಅದರಲ್ಲಿ ತಪ್ಪೇನಿಲ್ಲ. ಆ ಹೋರಾಟದಿಂದಲೇ ನನ್ನ ತಪ್ಪೂ ಹೊರಬಂತು.

ಎಫ್‌ಒಬಿ ಸರಕು: ಒಡೆತನ ಮಾರಾಟಗಾರನದೇ ಎನ್ನುವ ಕಲಮು

ಅವರು ಮೊದಲು ತಂದದ್ದು ಒಪ್ಪಂದವನ್ನು. ಅದರ ಹದಿನಾಲ್ಕನೆಯ ಕಲಮಿನಲ್ಲಿ, ಪೂರ್ಣ ಹಣ ಸಂದಾಯವಾಗುವವರೆಗೆ ಸರಕಿನ ಒಡೆತನ ಮಾರಾಟಗಾರನಲ್ಲೇ ಉಳಿಯುತ್ತದೆ ಎಂದು ಬರೆದಿತ್ತು. ಹಣ ಕೊಟ್ಟದ್ದು ಜನವರಿ 15ಕ್ಕೆ. ಹಾಗಾದರೆ ಡಿಸೆಂಬರ್ 31ಕ್ಕೆ ಒಡೆಯ ಮಾರಾಟಗಾರನೇ ಅಲ್ಲವೇ ಎಂಬುದು ಅವರ ಪ್ರಶ್ನೆ.

ನೇರವಾದ ಪ್ರಶ್ನೆ. ಎಫ್‌ಒಬಿ, ಸಿಐಎಫ್‌ನಂಥ ಷರತ್ತುಗಳ ಅರ್ಥ ಹೇಳುವ ಇನ್‌ಕೋಟರ್ಮ್ಸ್ ನಿಯಮಗಳನ್ನು ತೋರಿಸಿ ಇದಕ್ಕೆ ಉತ್ತರಿಸಲು ಬರುವುದಿಲ್ಲ. ಅವು ಒಡೆತನ ಯಾವಾಗ ವರ್ಗವಾಗುತ್ತದೆ ಎಂದು ಹೇಳುವುದೇ ಇಲ್ಲ. ಯಾರು ಎಲ್ಲಿಯವರೆಗೆ ವೆಚ್ಚ ಕೊಡಬೇಕು, ಹಾನಿಯ ಅಪಾಯ ಎಲ್ಲಿ ಕೈ ಬದಲಾಗುತ್ತದೆ, ಯಾವ ಕಾಗದ ಯಾರು ಒದಗಿಸಬೇಕು ಎಂಬಷ್ಟಕ್ಕೇ ನಿಲ್ಲುತ್ತವೆ. ಎಫ್‌ಒಬಿ ಎಂದ ತಕ್ಷಣ "ಹಡಗೇರಿದ ಮೇಲೆ ಒಡೆತನ ನಮ್ಮದು" ಎನ್ನುವುದು ಲೆಕ್ಕದವರ ಬಾಯಿಮಾತಿನ ನಿಯಮ, ನಿಯಮಪುಸ್ತಕದ್ದಲ್ಲ.

ಲೆಕ್ಕದ ಮಾನದಂಡ ನೋಡುವುದು ಹತೋಟಿಯನ್ನು. ಸರಕನ್ನು ಹೇಗೆ ಬಳಸಬೇಕೆಂದು ನಿರ್ಧರಿಸುವ, ಅದರ ಲಾಭ ಪಡೆಯುವ ಶಕ್ತಿ ಯಾರ ಕೈಯಲ್ಲಿದೆ ಎಂಬುದು ಪ್ರಶ್ನೆ. ಅಪಾಯ ಯಾರದು, ಕಾನೂನಿನ ಒಡೆತನ ಯಾರದು, ಹಣ ಕೊಡುವ ಹೊಣೆ ಹುಟ್ಟಿದೆಯೇ ಎಂಬುವೆಲ್ಲ ಆ ಪ್ರಶ್ನೆಗೆ ಸುಳಿವುಗಳು, ಯಾವುದೂ ಒಂಟಿಯಾಗಿ ತೀರ್ಪಲ್ಲ. ಆದಾಯದ ಮಾನದಂಡವಾದ ಐಎಫ್‌ಆರ್‌ಎಸ್ 15 ಒಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳುತ್ತದೆ: ಗ್ರಾಹಕ ಹಣ ಕೊಡದಿದ್ದರೆ ಎಂಬ ರಕ್ಷಣೆಗೆ ಮಾತ್ರ ಮಾರಾಟಗಾರ ಒಡೆತನವನ್ನು ಉಳಿಸಿಕೊಂಡಿದ್ದರೆ, ಗ್ರಾಹಕನಿಗೆ ಹತೋಟಿ ಸಿಗಲು ಅದು ಅಡ್ಡಿಯಲ್ಲ. ಆ ಮಾತು ಮಾರಾಟಗಾರನ ಲೆಕ್ಕಕ್ಕೆ ಹೇಳಿದ್ದು ನಿಜ. ಆದರೆ ಒಂದೇ ಸರಕಿನ ಹತೋಟಿ ಮಾರಾಟಗಾರನ ಕೈಬಿಟ್ಟು, ಕೊಂಡವನ ಕೈಗೂ ಬಾರದೆ ಸಮುದ್ರದ ನಡುವೆ ಅನಾಥವಾಗಿರಲು ಸಾಧ್ಯವಿಲ್ಲ.

ಆದ್ದರಿಂದ ಹದಿನಾಲ್ಕನೆಯ ಕಲಮು ನಿಜವಾಗಿ ರಕ್ಷಣೆಯ ಕಲಮೋ ಅಲ್ಲವೋ ಎಂಬುದನ್ನು ನೋಡಬೇಕಿತ್ತು. ಇಲ್ಲಿ ನಾವು ಒಪ್ಪಂದವನ್ನು ಪೂರ್ತಿ ಓದಿದೆವು. ಹಡಗು ಹೊರಟ ಮೇಲೆ ಮಾರಾಟಗಾರ ತನ್ನಿಷ್ಟದಂತೆ ಸರಕನ್ನು ಬೇರೆ ಗ್ರಾಹಕನಿಗೆ ತಿರುಗಿಸಬಹುದೇ? ಅಂಥ ಹಕ್ಕು ಎಲ್ಲೂ ಇರಲಿಲ್ಲ. ಇದ್ದಿದ್ದರೆ ನನ್ನ ತೀರ್ಮಾನ ಬದಲಾಗುತ್ತಿತ್ತು. ಸರಕು ದಾರಿಯಲ್ಲಿ ಹಾಳಾದರೆ ಕಂಪನಿ ಹಣ ಕೊಡದೆ ಉಳಿಯಬಹುದೇ? ಇಲ್ಲ, ಕೊಡಲೇಬೇಕು. ಹಣ ಕೊಟ್ಟರೆ ಮಾರಾಟಗಾರ ಕಾಗದ ತಡೆಯಬಹುದೇ? ಅದೂ ಇಲ್ಲ.

ಮುಖ್ಯಸ್ಥರ ಕೈಯಲ್ಲಿ ಇನ್ನೊಂದು ವಾದ ಉಳಿದಿತ್ತು. ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ಕಾಗದ ಬ್ಯಾಂಕಿನಲ್ಲಿತ್ತು, ಹಣ ಕಟ್ಟದೆ ಅದು ಸಿಗುವಂತಿರಲಿಲ್ಲ, ಅದಿಲ್ಲದೆ ಬಂದರಿನಲ್ಲಿ ಸರಕನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಇದು ನನ್ನನ್ನು ಒಂದು ದಿನ ಯೋಚನೆಗೆ ಹಚ್ಚಿತು. ಕೊನೆಗೆ ಇದೂ ಹದಿನಾಲ್ಕನೆಯ ಕಲಮಿನ ಅಣ್ಣತಮ್ಮನೇ ಎಂದು ಅನ್ನಿಸಿತು: ಹಣಕ್ಕಾಗಿ ಹಿಡಿದಿಟ್ಟ ಬೀಗದ ಕೈ. ಅಂತರರಾಷ್ಟ್ರೀಯ ಸರಕು ಮಾರಾಟದ ಬಗೆಗಿನ 1980ರ ವಿಶ್ವಸಂಸ್ಥೆಯ ಒಪ್ಪಂದದ 67ನೆಯ ವಿಧಿಯೂ, ಮಾರಾಟಗಾರ ಸರಕಿನ ಕಾಗದಗಳನ್ನು ತನ್ನಲ್ಲೇ ಇಟ್ಟುಕೊಳ್ಳಲು ಅಧಿಕಾರ ಹೊಂದಿದ್ದರೂ ಅಪಾಯದ ವರ್ಗಾವಣೆಗೆ ಅದರಿಂದ ಬಾಧೆಯಿಲ್ಲ ಎನ್ನುತ್ತದೆ. ಇದೆಲ್ಲದರ ಜೊತೆಗೆ ವಿಮೆಯ ಹಾಳೆ ಇತ್ತು. ಮುಖ್ಯಸ್ಥರನ್ನು ಒಂದೇ ಮಾತು ಕೇಳಿದೆ: "ಡಿಸೆಂಬರ್ 30ರಂದು ಆ ಹಡಗು ಮುಳುಗಿದ್ದರೆ ವಿಮಾ ಹಣಕ್ಕೆ ಯಾರು ಅರ್ಜಿ ಹಾಕುತ್ತಿದ್ದರು?" ಅವರು ಉತ್ತರಿಸಲಿಲ್ಲ, ಹಾಳೆಯನ್ನು ನನ್ನ ಕಡೆ ಸರಿಸಿ ಮುಂದಿನ ಸರಕಿಗೆ ಹೋಗೋಣ ಎಂದರು.

ಸಿಐಎಫ್ ಸರಕು: ನಾನು ಓದದೆ ಬಿಟ್ಟ ಮುದ್ರೆ

ಎರಡನೆಯ ಸರಕಿನ ಬಗ್ಗೆ ಅವರ ವಾದ ಹೀಗಿತ್ತು. ಸಿಐಎಫ್ ಎಂದರೆ ನಮ್ಮ ಬಂದರಿನವರೆಗಿನ ಹಡಗು ಬಾಡಿಗೆಯನ್ನೂ ವಿಮೆಯನ್ನೂ ಮಾರಾಟಗಾರನೇ ಕೊಡುತ್ತಾನೆ, ಆದ್ದರಿಂದ ನಮ್ಮ ಬಂದರು ಮುಟ್ಟುವವರೆಗೆ ಸರಕು ಅವನದು. ಈ ತಪ್ಪು ತಿಳಿವಳಿಕೆ ಎಷ್ಟು ಸಹಜವೆಂದರೆ ಪ್ರತಿ ವರ್ಷ ಯಾರಾದರೊಬ್ಬರ ಬಾಯಲ್ಲಿ ಕೇಳುತ್ತೇನೆ. ಸಿಐಎಫ್‌ನಲ್ಲಿ ವೆಚ್ಚ ಮತ್ತು ಅಪಾಯ ಬೇರೆಬೇರೆ ಜಾಗದಲ್ಲಿ ಕೈ ಬದಲಾಗುತ್ತವೆ. ಮಾರಾಟಗಾರ ಬಾಡಿಗೆ ಕೊಡುವುದು ಕೊಂಡವನ ಬಂದರಿನವರೆಗೆ. ಅಪಾಯ ಮಾತ್ರ, ಎಫ್‌ಒಬಿಯಲ್ಲಿ ಆಗುವಂತೆಯೇ, ಹೊರಡುವ ಬಂದರಿನಲ್ಲಿ ಸರಕು ಹಡಗಿನ ಮೇಲೇರಿದಾಗಲೇ ಕೊಂಡವನದಾಗುತ್ತದೆ. ಮಾರಾಟಗಾರ ಮಾಡಿಸುವ ವಿಮೆ ಕೊಂಡವನ ಅಪಾಯಕ್ಕೇ.

ಇದನ್ನೆಲ್ಲ ವಿವರಿಸಿ ಬಿಲ್ ಆಫ್ ಲೇಡಿಂಗಿನ ಪ್ರತಿ ತೋರಿಸಿದೆ. ಕೆಳಗೆ ನೀಡಿದ ದಿನಾಂಕ ಡಿಸೆಂಬರ್ 30 ಎಂದಿತ್ತು. ವರ್ಷದೊಳಗೇ ಇದೆಯಲ್ಲ ಎಂದೆ.

ಅವರು ಪ್ರತಿಯನ್ನು ಸಾಗಣೆ ವಿಭಾಗಕ್ಕೆ ಕಳಿಸಿದರು. ಅರ್ಧ ಗಂಟೆಯಲ್ಲಿ ಅದೇ ಗುಮಾಸ್ತೆ ಮೂಲ ಕಾಗದ ಹಿಡಿದು ಬಂದರು. ನನ್ನ ಪ್ರತಿಯಲ್ಲಿ ಮಸುಕಾಗಿ ಕಂಡಿದ್ದ ಓರೆಯ ಮುದ್ರೆ ಮೂಲದಲ್ಲಿ ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿತ್ತು: ಹಡಗಿನ ಮೇಲೆ ಏರಿಸಿದ್ದು ಜನವರಿ 2. ಬಿಲ್ಲಿನ ಅಚ್ಚಾದ ಮಾತು ಸರಕನ್ನು "ಸಾಗಣೆಗಾಗಿ ಸ್ವೀಕರಿಸಲಾಗಿದೆ" ಎಂದಷ್ಟೇ ಹೇಳುತ್ತಿತ್ತು. ಕಂಟೇನರು ಡಿಸೆಂಬರ್ 29ರಂದು ಬಂದರಿನ ಅಂಗಳ ಸೇರಿ, ಹಡಗಿಗಾಗಿ ನಾಲ್ಕು ದಿನ ಅಲ್ಲೇ ಕೂತಿತ್ತು. ಡಿಸೆಂಬರ್ 31ರ ರಾತ್ರಿ ಅದು ಅಂಗಳದ ನೆಲದ ಮೇಲಿತ್ತು, ಹಡಗಿನಲ್ಲಿರಲಿಲ್ಲ. ಅಪಾಯ ಇನ್ನೂ ಮಾರಾಟಗಾರನದು. 60 ಲಕ್ಷ ಕಂಪನಿಯ ಲೆಕ್ಕಕ್ಕೆ ಸೇರಬಾರದು.

ಮುಖ್ಯಸ್ಥರು ತಪ್ಪು ಕಾರಣ ಕೊಟ್ಟು ಸರಿಯಾದ ಉತ್ತರ ಹೇಳಿದ್ದರು, ನಾನು ಸರಿಯಾದ ನಿಯಮ ಹೇಳಿ ತಪ್ಪು ಉತ್ತರ ಕೊಟ್ಟಿದ್ದೆ. ಕ್ಷಮೆ ಕೇಳಿದೆ. ಅಂದಿನಿಂದ ಬಿಲ್ ಆಫ್ ಲೇಡಿಂಗಿನ ನೆರಳಚ್ಚು ಪ್ರತಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ, ಮೂಲವನ್ನೋ ಬಣ್ಣದ ಸ್ಕ್ಯಾನನ್ನೋ ಕೇಳುತ್ತೇನೆ. ನೀಡಿದ ದಿನಾಂಕವನ್ನಲ್ಲ, ಹಡಗೇರಿದ ಟಿಪ್ಪಣಿಯ ದಿನಾಂಕವನ್ನು ಹುಡುಕುತ್ತೇನೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದೇ ಕಂಟೇನರು, ಇದೇ ಅಂಗಳ, ಇದೇ ದಿನಗಳಿದ್ದು, ಷರತ್ತು ಮಾತ್ರ ಆ ಅಂಗಳವನ್ನೇ ಹಸ್ತಾಂತರದ ಸ್ಥಳವೆಂದು ಹೆಸರಿಸಿದ ಎಫ್‌ಸಿಎ ಆಗಿದ್ದಿದ್ದರೆ, ಸಾಗಣೆದಾರನ ಕೈಗೆ ಒಪ್ಪಿಸಿದ ಡಿಸೆಂಬರ್ 29ಕ್ಕೇ ಅಪಾಯ ಕಂಪನಿಯದಾಗುತ್ತಿತ್ತು. ಕಂಟೇನರು ಒಂದಿಂಚೂ ಅಲುಗದಿದ್ದರೂ ಉತ್ತರ ತಿರುಗಿಬೀಳುತ್ತಿತ್ತು.

ಲಾರಿಯ ಸರಕಿನಲ್ಲಿ ಯಾರಿಗೂ ವಾದವಿರಲಿಲ್ಲ. ಡಿಎಪಿಯಲ್ಲಿ ಹೆಸರಿಸಿದ ಸ್ಥಳಕ್ಕೆ ಲಾರಿ ಬಂದು, ಸರಕು ಇಳಿಸಲು ಸಿದ್ಧವಾಗಿ ನಿಲ್ಲುವವರೆಗೆ ಅಪಾಯ ಮಾರಾಟಗಾರನದೇ. ಲಾರಿ ಬಂದದ್ದು ಜನವರಿ 3ಕ್ಕೆ. ಡಿಸೆಂಬರ್ 29ರ ದಾಖಲೆಯನ್ನು ರದ್ದು ಮಾಡಿ ದಾಸ್ತಾನಿನಿಂದಲೂ ಬಾಕಿಯಿಂದಲೂ 20 ಲಕ್ಷ ತೆಗೆದೆವು.

ವಿನಿಮಯ ದರ, ಮತ್ತು ದಶಾಂಶದ ಜಗಳ

ಉಳಿದದ್ದು 130 ಲಕ್ಷವನ್ನು ಯಾವ ದರದಲ್ಲಿ ದಾಖಲಿಸಬೇಕು ಎಂಬುದು, ಏಕೆಂದರೆ ಇನ್‌ವಾಯ್ಸ್ ವಿದೇಶಿ ಹಣದಲ್ಲಿತ್ತು. ಸರಕು ಕಂಪನಿಯದಾದ ಡಿಸೆಂಬರ್ 28ರ ದರದಲ್ಲಿ ದಾಸ್ತಾನನ್ನೂ ಬಾಕಿಯನ್ನೂ 130 ಎಂದು ಬರೆದೆವು. ವರ್ಷಾಂತ್ಯದ ದಿನ ಬಾಕಿಯನ್ನು ಅಂದಿನ ದರಕ್ಕೆ ಮತ್ತೆ ಲೆಕ್ಕ ಹಾಕಬೇಕು, ದಾಸ್ತಾನನ್ನು ಹಾಗೆ ಮಾಡುವಂತಿಲ್ಲ. ಮೂರು ದಿನದಲ್ಲಿ ವಿದೇಶಿ ಹಣ ತುಸು ಏರಿದ್ದರಿಂದ ಬಾಕಿ 131 ಆಯಿತು, 1 ಲಕ್ಷ ವಿನಿಮಯ ನಷ್ಟವಾಗಿ ಲಾಭದಿಂದ ಕಳೆಯಿತು. "ಲಾಭಕ್ಕೆ ಒಂದು ಪೈಸೆಯ ವ್ಯತ್ಯಾಸವಿಲ್ಲ" ಎಂಬ ಮೊದಲ ದಿನದ ಮಾತು ಹೀಗೆ ಪೂರ್ತಿ ನಿಜವಾಗಿ ಉಳಿಯಲಿಲ್ಲ. ಹಡಗು ಬಾಡಿಗೆ ಎಫ್‌ಒಬಿಯಲ್ಲಿ ಕೊಂಡವನದು. ವರ್ಷದೊಳಗಿನ ಮೂರು ದಿನಗಳ ಪಾಲು ಅರ್ಧ ಲಕ್ಷದಷ್ಟಿತ್ತು, ಚಿಕ್ಕದೆಂದು ಬಿಟ್ಟೆವು. ಆಮದು ಸುಂಕ ಸೇರಿಸುವ ಪ್ರಶ್ನೆಯೇ ಇರಲಿಲ್ಲ, ಸರಕು ಇನ್ನೂ ದೇಶದೊಳಗೇ ಬಂದಿರಲಿಲ್ಲ.

ಕೊನೆಗೆ ಆಸ್ತಿ 1,260, ಹೊಣೆ 1,011. ಅನುಪಾತ 1.246.

ಮುಖ್ಯಸ್ಥರು ಅದನ್ನು ನೋಡಿ, "ಎರಡು ದಶಾಂಶಕ್ಕೆ ಬರೆದರೆ 1.25 ಅಲ್ಲವೇ?" ಎಂದರು. ಗಣಿತದಲ್ಲಿ ಹೌದು. ಸಾಲದ ಒಪ್ಪಂದದಲ್ಲಿ "1.25ಕ್ಕಿಂತ ಕಡಿಮೆಯಿರಬಾರದು" ಎಂದಷ್ಟೇ ಇತ್ತು, ದುಂಡು ಮಾಡುವ ಮಾತಿರಲಿಲ್ಲ. ಅದನ್ನು ಅರ್ಥೈಸುವ ಅಧಿಕಾರ ನನಗೂ ಇಲ್ಲ, ಅವರಿಗೂ ಇಲ್ಲ, ಬ್ಯಾಂಕನ್ನೇ ಕೇಳಿ ಎಂದೆ. ಕೇಳುವುದೇ ಅಪಾಯ ಎಂಬುದು ಅವರ ಅಳುಕು. ಎರಡು ದಿನದ ನಂತರ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಪತ್ರ ಬರೆದರು.

ಬ್ಯಾಂಕು ದುಂಡು ಮಾಡಿದ ಅಂಕಿಯನ್ನು ಒಪ್ಪಲಿಲ್ಲ. ಆದರೆ ಫೆಬ್ರವರಿ ಮೂರನೆಯ ವಾರ, ಈ ವರ್ಷದ ಉಲ್ಲಂಘನೆಗಾಗಿ ಸಾಲವನ್ನು ಹಿಂದಕ್ಕೆ ಕೇಳುವುದಿಲ್ಲ ಎಂದು ಲಿಖಿತವಾಗಿ ಕೊಟ್ಟಿತು. ಕಚೇರಿಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಅದು ಸಾಲದು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಷರತ್ತು ವರ್ಷಾಂತ್ಯಕ್ಕೇ ಮುರಿದಿದ್ದರೆ, ಆ ದಿನ ಸಾಲವನ್ನು ಮುಂದೂಡುವ ಹಕ್ಕು ಕಂಪನಿಗೆ ಇರಲಿಲ್ಲ. ಬ್ಯಾಂಕು ಆಮೇಲೆ ಕೊಟ್ಟ ರಿಯಾಯಿತಿ ಆ ದಿನದ ಸ್ಥಿತಿಯನ್ನು ಬದಲಿಸುವುದಿಲ್ಲ. ಹಾಗಾಗಿ ಇಡೀ 300 ಲಕ್ಷ ದೀರ್ಘಾವಧಿಯಿಂದ ಚಾಲ್ತಿ ಹೊಣೆಗೆ ಇಳಿಯಿತು, ರಿಯಾಯಿತಿಯ ಮಾತು ಟಿಪ್ಪಣಿಗೆ ಹೋಯಿತು. ಪ್ರಕಟವಾದ ಪಟ್ಟಿಯಲ್ಲಿ ಹೊಣೆ 1,311 ಆಗಿ, ಅನುಪಾತ ಒಂದಕ್ಕಿಂತ ಕೆಳಗೆ, 0.96ಕ್ಕೆ ಬಂತು. ಬ್ಯಾಂಕಿನ ಪತ್ರ ಡಿಸೆಂಬರ್ 31ರೊಳಗೆ ಬಂದು, ಮುಂದಿನ ಹನ್ನೆರಡು ತಿಂಗಳಾದರೂ ಕಾಲಾವಕಾಶ ಕೊಟ್ಟಿದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಪತ್ರ ಬರೆಯಲು, ಹಡಗಿನಲ್ಲಿ ಸರಕಿದೆ ಎಂಬುದು ಡಿಸೆಂಬರಿನಲ್ಲೇ ಲೆಕ್ಕ ವಿಭಾಗಕ್ಕೆ ಗೊತ್ತಿರಬೇಕಿತ್ತು.

ಹಿಂದಿನ ವರ್ಷಾಂತ್ಯವನ್ನೂ ಕೆದಕಿದೆವು. ಅಂದೂ 35 ಲಕ್ಷದ ಒಂದು ಸರಕು ಇದೇ ರೀತಿ ಬಿಟ್ಟುಹೋಗಿತ್ತು. ಆ ವರ್ಷದ ಅನುಪಾತ 1.41 ಇದ್ದುದರಿಂದ ಷರತ್ತಿಗೆ ಧಕ್ಕೆಯಿರಲಿಲ್ಲ. ಹಳೆಯ ಅಂಕಿಗಳನ್ನು ತಿದ್ದುವಷ್ಟು ದೊಡ್ಡದಲ್ಲವೆಂದು ನಿರ್ಧರಿಸಿ, ಕಾರಣವನ್ನು ಕಡತದಲ್ಲಿ ಬರೆದಿಟ್ಟೆವು.

ಆಮೇಲೆ

ತಿದ್ದುಪಡಿಯೇ ಹೊಸದೊಂದು ತಪ್ಪನ್ನು ಹೆತ್ತಿತ್ತು. ನಾವು ಡಿಸೆಂಬರಿಗೆ ಕೈಯಿಂದ ದಾಖಲಿಸಿದ 130 ಲಕ್ಷವನ್ನು ಜನವರಿಯಲ್ಲಿ ಯಾರೂ ಹಿಂತೆಗೆದಿರಲಿಲ್ಲ. ಜನವರಿ 19ರ ಸ್ವೀಕೃತಿ ಚೀಟಿಯಂತೆ ವ್ಯವಸ್ಥೆಯೂ ಅದನ್ನು ದಾಖಲಿಸಿತ್ತು. ಹೀಗೆ ಒಂದೇ ಸರಕು ಪುಸ್ತಕದಲ್ಲಿ ಎರಡು ಸಲ, ಒಮ್ಮೆ ಮಾರ್ಗಮಧ್ಯದಲ್ಲಿ, ಒಮ್ಮೆ ಉಗ್ರಾಣದಲ್ಲಿ. ಪೂರೈಕೆದಾರ ಮಾರ್ಚಿನಲ್ಲಿ ಕಳಿಸಿದ ಖಾತೆಯ ಪಟ್ಟಿಯಲ್ಲಿ ಅವನಿಗೆ ಕಂಪನಿಯಿಂದ ಏನೂ ಬರಬೇಕಿಲ್ಲ ಎಂದಿತ್ತು, ಕಂಪನಿಯ ಪುಸ್ತಕದಲ್ಲಿ ಅವನಿಗೆ 130 ಲಕ್ಷ ಕೊಡಬೇಕಿತ್ತು. ಅದನ್ನು ಸರಿಪಡಿಸಿದ ಮೇಲೆ ಒಂದು ಪದ್ಧತಿ ಬಂತು: ಮಾರ್ಗಮಧ್ಯದ ಸರಕಿನ ಖಾತೆಗೆ ಏನೇ ದಾಖಲಿಸಿದರೂ ಖರೀದಿ ಆದೇಶದ ಸಂಖ್ಯೆಯೊಡನೆ ದಾಖಲಿಸಬೇಕು, ಆ ಸಂಖ್ಯೆಯ ಸ್ವೀಕೃತಿ ಚೀಟಿ ಬಂದಾಗ ಮೊದಲು ಆ ಖಾತೆಯನ್ನು ಖಾಲಿ ಮಾಡಬೇಕು.

ತೆರೆದ ಖರೀದಿ ಆದೇಶಗಳ ಪಟ್ಟಿಗೆ ಎರಡು ಹೊಸ ಅಂಕಣಗಳು ಸೇರಿದವು, ಪೂರೈಕೆಯ ಷರತ್ತು ಮತ್ತು ಅಪಾಯ ಕೈ ಬದಲಾದ ದಿನ. ಎರಡನ್ನೂ ತುಂಬುವುದು ಸಾಗಣೆ ವಿಭಾಗದ ಆ ಗುಮಾಸ್ತೆ. ವರ್ಷಾಂತ್ಯದ ವಾರ ಲೆಕ್ಕ ವಿಭಾಗ ಆ ಪಟ್ಟಿಯನ್ನು ವಿಮೆಯ ಘೋಷಣೆಯ ಹಾಳೆಗೆ ತಾಳೆ ನೋಡುತ್ತದೆ. ಸಿಐಎಫ್ ಸರಕುಗಳು ವಿಮೆಯ ಹಾಳೆಯಲ್ಲಿ ಬರುವುದಿಲ್ಲ, ಅವನ್ನು ಬೇರೆಯೇ ನೋಡಬೇಕು ಎಂದು ಪಟ್ಟಿಯ ತಲೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ.

ಮರುವರ್ಷ ನವೆಂಬರಿನಲ್ಲಿ ಖರೀದಿ ವ್ಯವಸ್ಥಾಪಕರು ನನಗೆ ಫೋನ್ ಮಾಡಿದರು. ಡಿಸೆಂಬರ್ ಕೊನೆಯ ವಾರ ಹಡಗೇರಬೇಕಿದ್ದ ಸರಕನ್ನು ಜನವರಿ 2ಕ್ಕೆ ಏರಿಸಲು ಪೂರೈಕೆದಾರನನ್ನು ಕೇಳಿದರೆ ತಪ್ಪೇ, ಅಥವಾ ಒಪ್ಪಂದವನ್ನೇ ಡಿಎಪಿಗೆ ಬದಲಿಸಬಹುದೇ ಎಂದು. ಸರಕು ಹೊರಡುವ ಮುನ್ನ, ನಿಜವಾಗಿ ಹಾಗೆ ಒಪ್ಪಂದವಾಗಿ, ಹಾಗೆಯೇ ನಡೆದರೆ ಎರಡೂ ಸರಿ, ಹೊರಟ ಮೇಲೆ ಕಾಗದದ ದಿನಾಂಕ ತಿದ್ದಿಸುವುದು ಸುಳ್ಳು ದಾಖಲೆ ಎಂದೆ. ಪೂರೈಕೆದಾರ ಡಿಎಪಿಗೆ ಒಪ್ಪಿದನಂತೆ, ಬೆಲೆಗೆ ಶೇಕಡಾ 3 ಸೇರಿಸಿ. ಅಷ್ಟು ಕೊಟ್ಟು ಸಮುದ್ರದ ಅಪಾಯವನ್ನು ಅವನ ತಲೆಗೆ ಕಟ್ಟುವುದು ಲಾಭವೋ, ತಮ್ಮ ವಿಮೆಯಲ್ಲೇ ತರಿಸುವುದು ಲಾಭವೋ ಎಂದು ಹಣಕಾಸು ಮುಖ್ಯಸ್ಥರು ಲೆಕ್ಕ ಹಾಕುತ್ತಿದ್ದಾರೆ ಎಂದು ಹೇಳಿ ಫೋನ್ ಇಟ್ಟರು.